ಎರಡು ಚೀಟಿ, ಒಂದೇ ಕಣ್ಣು

"ಇದೇನೋ ಇದು? ಒಂದೇ ಕಣ್ಣಿಗೆ ಅವರು ಪ್ಲಸ್ ಅಂತಾರೆ, ಇವರು ಮೈನಸ್ ಅಂತಾರೆ!"

ಹಾಸನದಲ್ಲಿರುವ ಅಕ್ಕ ಎರಡು ಚೀಟಿಗಳನ್ನು ಊಟದ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಕೇಳಿದಳು. ಅವಳಿಗೆ ಐವತ್ತನಾಲ್ಕು. ಸಕ್ಕರೆ ಕಾಯಿಲೆ ಇರುವುದರಿಂದ ವರ್ಷಕ್ಕೊಮ್ಮೆ ಕಣ್ಣಿನ ಆಸ್ಪತ್ರೆಗೆ ಹೋಗಿ ರೆಟಿನಾ ತೋರಿಸಿಕೊಂಡು ಬರುತ್ತಾಳೆ. ಈ ಸಲ ಅಲ್ಲಿಯೇ ಪವರ್ ಕೂಡ ನೋಡಿ ಬರೆದುಕೊಟ್ಟಿದ್ದರು. ಇನ್ನೊಂದು ಚೀಟಿ ಅದಕ್ಕೆ ತಿಂಗಳ ಹಿಂದೆ ಬಸ್ ನಿಲ್ದಾಣದ ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಬರೆಸಿದ್ದು. ಅಂಗಡಿಯ ಚೀಟಿ ಹೀಗಿತ್ತು:

```
        SPH     CYL    AXIS   ADD
ಬಲ    +1.00   -1.50   180   +2.00
ಎಡ    +1.25   -1.00   170   +2.00
```

ಆಸ್ಪತ್ರೆಯ ಚೀಟಿ ಹೀಗೆ:

```
               SPH     CYL    AXIS
ಬಲ  ದೂರ     -0.50   +1.50    90
ಬಲ  ಹತ್ತಿರ   +1.50   +1.50    90
ಎಡ  ದೂರ     +0.25   +1.00    80
ಎಡ  ಹತ್ತಿರ   +2.25   +1.00    80
```

ಒಂದೇ ಒಂದು ಅಂಕಿ ಕೂಡ ತಾಳೆಯಾಗುವುದಿಲ್ಲ. ಸಕ್ಕರೆ ಏರುಪೇರಾದರೆ ಕಣ್ಣಿನ ಪವರ್ ಕೂಡ ಸ್ವಲ್ಪ ಕಾಲ ಏರುಪೇರಾಗುತ್ತದೆ. ಅದಕ್ಕೇ ಸಕ್ಕರೆ ಹತೋಟಿಗೆ ಬಂದ ಮೇಲೆ ಕಣ್ಣು ಪರೀಕ್ಷೆ ಮಾಡಿಸಿ ಎಂದು ಡಾಕ್ಟರುಗಳು ಹೇಳುವುದು. ಇಲ್ಲಿಯೂ ಹಾಗೇ ಆಗಿರಬೇಕು ಎಂದುಕೊಂಡೆ. ಹೊಸ ಚೀಟಿಯನ್ನೇ ನಂಬೋಣ ಎಂದು, ಆಸ್ಪತ್ರೆಯ ಅಂಕಿಗಳನ್ನು ನೋಡಿಕೊಂಡು ನಾನೇ ಮೊಬೈಲಿನಲ್ಲಿ ಪ್ರೋಗ್ರೆಸಿವ್ ಕನ್ನಡಕಕ್ಕೆ ಆರ್ಡರ್ ಹಾಕಿದೆ. ಫಾರಂನಲ್ಲಿ ಎರಡೂ ಕಣ್ಣಿಗೆ ಬೇರೆಬೇರೆಯಾಗಿ ADD ಕೇಳಿತು. ಚೀಟಿಯಲ್ಲಿ ಆ ಹೆಸರಿನ ಅಂಕಣವೇ ಇರಲಿಲ್ಲ. 'ಹತ್ತಿರ' ಎಂಬ ಸಾಲಿನ ಮೊದಲ ಅಂಕಿಯೇ ಇರಬೇಕು ಎಂದು ಬಲಕ್ಕೆ +1.50, ಎಡಕ್ಕೆ +2.25 ಎಂದು ತುಂಬಿದೆ.

ಹತ್ತು ದಿನಕ್ಕೆ ಕನ್ನಡಕ ಬಂತು. ಮರುದಿನವೇ ಅಕ್ಕನ ಫೋನೂ ಬಂತು. "ಟಿವಿ ಚೆನ್ನಾಗಿ ಕಾಣುತ್ತೆ ಕಣೋ. ಪೇಪರ್ ಹಿಡಿದ್ರೆ ಮಾತ್ರ ಅಕ್ಷರ ಎಳೆದಾಡಿದ ಹಾಗಾಗುತ್ತೆ. ಐದು ನಿಮಿಷಕ್ಕೆ ತಲೆನೋವು."

ಎರಡೂ ಚೀಟಿ ಸರಿಯಾಗಿದ್ದವು. ಎರಡರಲ್ಲೂ ಇದ್ದದ್ದು ಒಂದೇ ಪವರ್. ತಪ್ಪು ಮಾಡಿದವನು ಅವನ್ನು ಓದಿದ ನಾನು. ಅದು ಹೇಗೆ ಎಂದು ತಿಳಿಯಬೇಕಾದರೆ ನಾಲ್ಕು ಅಂಕಣಗಳನ್ನು ಒಂದೊಂದಾಗಿ ಬಿಡಿಸಬೇಕು.

ಮೊದಲ ಅಂಕಣ: ಸ್ಫಿಯರ್

SPH ಎಂದರೆ ಸ್ಫಿಯರ್, ಅಂದರೆ ಗೋಳ. ಚೆಂಡಿನಿಂದ ಕತ್ತರಿಸಿ ತೆಗೆದ ಚೂರಿನಂತೆ ಎಲ್ಲ ದಿಕ್ಕಿಗೂ ಒಂದೇ ಸಮನಾದ ಬಾಗು ಇರುವ ಲೆನ್ಸ್ ಇದು. ನಾವು ಸಾಮಾನ್ಯವಾಗಿ 'ಪವರ್ ಎಷ್ಟು?' ಎಂದು ಕೇಳುವುದು ಈ ಅಂಕಿಯನ್ನೇ. ಮೈನಸ್ ಇದ್ದರೆ ದೂರದ್ದು ಮಂಜಾಗಿ ಕಾಣುವ ಸಮೀಪದೃಷ್ಟಿ, ಪ್ಲಸ್ ಇದ್ದರೆ ದೂರದೃಷ್ಟಿ. ಏನೂ ಬೇಡದಿದ್ದರೆ ಸೊನ್ನೆಯನ್ನೋ 'ಪ್ಲೇನೋ' ಎಂದೋ ಬರೆಯುತ್ತಾರೆ.

ಅಂಕಿಯ ಅಳತೆ ಡಯಾಪ್ಟರ್. ಈ ಹೆಸರನ್ನು 1872ರಲ್ಲಿ ಸೂಚಿಸಿದವರು ಫ್ರಾನ್ಸಿನ ಕಣ್ಣಿನ ವೈದ್ಯ ಫರ್ಡಿನಂಡ್ ಮೊನೊಯೆ. ಲೆಕ್ಕ ಸುಲಭ. ಒಂದನ್ನು ಡಯಾಪ್ಟರಿನಿಂದ ಭಾಗಿಸಿದರೆ ಮೀಟರಿನಲ್ಲಿ ದೂರ ಸಿಗುತ್ತದೆ. ನನ್ನ ಪವರ್ −2.00. ಒಂದನ್ನು ಎರಡರಿಂದ ಭಾಗಿಸಿದರೆ ಅರ್ಧ ಮೀಟರ್. ಕನ್ನಡಕ ತೆಗೆದರೆ ನನಗೆ ಐವತ್ತು ಸೆಂಟಿಮೀಟರ್ ತನಕ ಸ್ಪಷ್ಟ, ಅದರಾಚೆಗೆ ಎಲ್ಲವೂ ಮಸುಕು. ಟೇಪ್ ಹಿಡಿದು ಅಳೆದು ನೋಡಿದ್ದೇನೆ, ಹೆಚ್ಚುಕಡಿಮೆ ಸರಿ ಬರುತ್ತದೆ. ಈ ಭಾಗಾಕಾರವನ್ನು ನೆನಪಿಟ್ಟುಕೊಳ್ಳಿ, ಅಕ್ಕನ ತಲೆನೋವಿಗೆ ಕಾರಣ ಹುಡುಕುವಾಗ ಮತ್ತೆ ಬೇಕಾಗುತ್ತದೆ.

ಪವರ್ ಕಾಲು ಕಾಲು ಡಯಾಪ್ಟರಿನಂತೆ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಅಂಕಿಯ ಕೊನೆಗೆ 00, 25, 50, 75 ಇವಿಷ್ಟೇ ಬರಬೇಕು. ಕೈಬರಹದ ಚೀಟಿಯಲ್ಲಿ ಚುಕ್ಕೆ ಕಾಣದೆ '150' ಎಂದಿದ್ದರೆ ಅದು 1.50, '75' ಎಂದಿದ್ದರೆ 0.75. ನೀವು ಓದಿಕೊಂಡದ್ದು 1.35 ಎಂದಾಗಿದ್ದರೆ ಅದು ಎರಡನ್ನು ಮೂರಾಗಿ ಕಂಡ ತಪ್ಪು. ಅಂಕಿಯ ಪಕ್ಕದಲ್ಲಿ 6/6, N6 ಎಂದು ಬರೆದಿರುತ್ತಾರಲ್ಲ, ಅದು ಪವರ್ ಅಲ್ಲ. ಆ ಪವರ್ ಹಾಕಿಕೊಂಡಾಗ ಗೋಡೆಯ ಮೇಲಿನ ಪಟ್ಟಿಯಲ್ಲಿ ಯಾವ ಸಾಲಿನವರೆಗೆ, ಕೈಯಲ್ಲಿ ಹಿಡಿದ ಕಾಗದದಲ್ಲಿ ಎಷ್ಟು ಸಣ್ಣ ಅಕ್ಷರದವರೆಗೆ ಓದಿದಿರಿ ಎಂಬುದರ ಗುರುತು. ಲೆನ್ಸ್ ಮಾಡುವವರಿಗೆ ಅದು ಬೇಕಿಲ್ಲ.

ಲಟ್ಟಣಿಗೆ ಮತ್ತು ಅದು ಮಲಗಿರುವ ದಿಕ್ಕು

ಎರಡನೆಯ ಮತ್ತು ಮೂರನೆಯ ಅಂಕಣ ಜೋಡಿ. CYL ಎಂದರೆ ಸಿಲಿಂಡರ್, AXIS ಎಂದರೆ ಅದರ ಅಕ್ಷ. ಒಂದಿದ್ದರೆ ಇನ್ನೊಂದು ಇರಲೇಬೇಕು. ಸಿಲಿಂಡರ್ ಇದ್ದು ಆಕ್ಸಿಸ್ ಖಾಲಿ ಬಿಟ್ಟಿದ್ದರೆ ಆ ಚೀಟಿಯಿಂದ ಲೆನ್ಸ್ ಮಾಡಲಾಗುವುದಿಲ್ಲ, ಬರೆದವರನ್ನೇ ಕೇಳಬೇಕು.

ಎಲ್ಲರ ಕಣ್ಣಿನ ಮುಂಭಾಗ ಚೆಂಡಿನಂತೆ ಸಮನಾಗಿ ಬಾಗಿರುವುದಿಲ್ಲ. ಕೆಲವರದು ಅಡ್ಡ ಮಲಗಿಸಿದ ಕೋಳಿಮೊಟ್ಟೆಯ ಮೇಲ್ಮೈ ಥರ. ಉದ್ದಕ್ಕೆ ಸವರಿದರೆ ಬಾಗು ಕಡಿಮೆ, ಅಡ್ಡಕ್ಕೆ ಸವರಿದರೆ ಹೆಚ್ಚು. ಅಂಥ ಕಣ್ಣಿಗೆ ಒಂದು ಚುಕ್ಕೆ ಚುಕ್ಕೆಯಾಗಿ ಕಾಣದೆ ಗೀರಿನಂತೆ ಎಳೆದುಕೊಂಡು ಕಾಣುತ್ತದೆ. ಇದೇ ಅಸ್ಟಿಗ್ಮಾಟಿಸಂ. ಇಂಗ್ಲೆಂಡಿನ ಜಾರ್ಜ್ ಏರಿ ಎಂಬ ತರುಣನಿಗೆ ಎಡಗಣ್ಣು ಹೀಗಿತ್ತು. ಅವನು ಆಗ ಕೇಂಬ್ರಿಜ್‌ನಲ್ಲಿದ್ದ, ಮುಂದೆ ಆ ದೇಶದ ರಾಜಖಗೋಳಜ್ಞನಾದ. ಬೆಳಕಿನ ಚುಕ್ಕೆಯೊಂದು ಯಾವ ದೂರದಲ್ಲಿ ಯಾವ ದಿಕ್ಕಿನ ಗೀರಾಗಿ ಕಾಣುತ್ತದೆ ಎಂದು ತಾನೇ ಅಳೆದು, ಲೆಕ್ಕ ಹಾಕಿ, ಇಪ್ಸ್‌ವಿಚ್ ಊರಿನ ಕುಶಲಕರ್ಮಿಯೊಬ್ಬನ ಕೈಯಲ್ಲಿ ಒಂದು ವಿಚಿತ್ರ ಲೆನ್ಸ್ ಉಜ್ಜಿಸಿಕೊಂಡ. ಅದರ ವರದಿಯನ್ನು 1825ರಲ್ಲಿ ವಿದ್ವಾಂಸರ ಮುಂದೆ ಓದಿದ. ಇಂದಿನ CYL ಅಂಕಣದ ಅಜ್ಜ ಆ ಲೆನ್ಸು.

ಅದರ ಆಕಾರ ತಿಳಿಯಬೇಕಾದರೆ ಅಡುಗೆಮನೆಯ ಲಟ್ಟಣಿಗೆಯನ್ನು ನೆನೆಸಿಕೊಳ್ಳಿ. ಗಾಜಿನ ಲಟ್ಟಣಿಗೆ. ಉದ್ದಕ್ಕೆ ಕೈಯಾಡಿಸಿದರೆ ನೇರ, ಬಾಗೇ ಇಲ್ಲ. ಅಡ್ಡಕ್ಕೆ ಕೈಯಾಡಿಸಿದರೆ ದುಂಡು. ಅದರಿಂದ ಉದ್ದುದ್ದ ಸೀಳಿ ತೆಗೆದ ಚಕ್ಕೆಯೇ ಸಿಲಿಂಡರ್ ಲೆನ್ಸ್. ಉದ್ದದ ದಿಕ್ಕಿನಲ್ಲಿ ಅದಕ್ಕೆ ಪವರ್ ಇಲ್ಲ, ಇರುವುದೆಲ್ಲ ಅಡ್ಡ ದಿಕ್ಕಿನಲ್ಲಿ. CYL ಅಂಕಿ ಆ ದುಂಡು ಎಷ್ಟು ಎಂದು ಹೇಳುತ್ತದೆ. AXIS ಅಂಕಿ ಲಟ್ಟಣಿಗೆಯನ್ನು ಯಾವ ದಿಕ್ಕಿಗೆ ಮಲಗಿಸಿದ್ದಾರೆ ಎಂದು ಹೇಳುತ್ತದೆ. ಅಡ್ಡ ಮಲಗಿದ್ದರೆ 180, ನೆಟ್ಟಗೆ ನಿಂತಿದ್ದರೆ 90, ಓರೆಯಾಗಿದ್ದರೆ ನಡುವಿನ ಯಾವುದೋ ಅಂಕಿ. ಲಟ್ಟಣಿಗೆಗೆ ತಲೆ-ಬಾಲ ಇಲ್ಲವಲ್ಲ, ಆದ್ದರಿಂದ ಅರ್ಧ ಸುತ್ತು ಸಾಕು. 1ರಿಂದ 180ರ ವರೆಗೆ ಮಾತ್ರ ಬರೆಯುತ್ತಾರೆ, ಸೊನ್ನೆಯ ಬದಲು 180 ಎನ್ನುತ್ತಾರೆ.

ಆಕ್ಸಿಸ್ ಪವರ್ ಅಲ್ಲ, ಬರೀ ದಿಕ್ಕು. 170 ಎಂಬ ದೊಡ್ಡ ಅಂಕಿ ನೋಡಿ ಗಾಬರಿಯಾಗಬೇಕಿಲ್ಲ. ಹಾಗೆಂದು ಅಸಡ್ಡೆ ಮಾಡುವ ಹಾಗೂ ಇಲ್ಲ. ಅಕ್ಕನ ಬಲಗಣ್ಣಿನ ಸಿಲಿಂಡರ್ 1.50. ಅದನ್ನು ಹತ್ತು ಡಿಗ್ರಿ ಓರೆಯಾಗಿ ಕೂರಿಸಿದರೆ ಸುಮಾರು ಅರ್ಧ ಡಯಾಪ್ಟರಿನಷ್ಟು ದೋಷ ಹಾಗೇ ಉಳಿಯುತ್ತದೆ. ಮೂವತ್ತು ಡಿಗ್ರಿ ಓರೆಯಾದರೆ ಪೂರ್ತಿ 1.50 ಉಳಿಯುತ್ತದೆ, ಅಂದರೆ ಸಿಲಿಂಡರ್ ಹಾಕಿಯೂ ಹಾಕದಂತೆ. ಸಿಲಿಂಡರ್ ದೊಡ್ಡದಾದಷ್ಟೂ ದಿಕ್ಕಿನ ತಪ್ಪು ಹೆಚ್ಚು ಕಾಡುತ್ತದೆ. ಆಕ್ಸಿಸ್ ಮುಂದೆ ಡಿಗ್ರಿಯ ಪುಟ್ಟ ಸೊನ್ನೆಯನ್ನು ಅನುಭವಸ್ಥರು ಹಾಕದಿರುವುದೂ ಇದಕ್ಕೇ. 18ರ ಮೇಲೆ ಆ ಸೊನ್ನೆ ಕೂತರೆ ಓದುವವನಿಗೆ 180 ಆಗಿಬಿಡುತ್ತದೆ.

ಪ್ಲಸ್ಸೇ ಮೈನಸ್ಸಾದ ಬಗೆ

ಈಗ ಅಕ್ಕನ ಮೊದಲ ಪ್ರಶ್ನೆಗೆ ಬರೋಣ. ಬಲಗಣ್ಣಿಗೆ ಅಂಗಡಿಯವರು ಬರೆದದ್ದು +1.00 / −1.50 × 180. ಆಸ್ಪತ್ರೆಯವರು ಬರೆದದ್ದು −0.50 / +1.50 × 90.

ಅಂಗಡಿಯ ಲೆನ್ಸನ್ನು ಮನಸ್ಸಿನಲ್ಲೇ ಕಟ್ಟೋಣ. ಮೊದಲು ಎಲ್ಲ ದಿಕ್ಕಿಗೂ +1.00. ಅದರ ಮೇಲೆ −1.50ರ ಲಟ್ಟಣಿಗೆಯನ್ನು ಅಡ್ಡ ಮಲಗಿಸುತ್ತೇವೆ. ಅಡ್ಡ ದಿಕ್ಕಿನಲ್ಲಿ ಲಟ್ಟಣಿಗೆಗೆ ಪವರ್ ಇಲ್ಲ, ಆದ್ದರಿಂದ ಅಲ್ಲಿ +1.00 ಹಾಗೇ ಉಳಿಯಿತು. ಮೇಲೆ-ಕೆಳಗಿನ ದಿಕ್ಕಿನಲ್ಲಿ +1.00ಕ್ಕೆ −1.50 ಸೇರಿ −0.50 ಆಯಿತು.

ಇನ್ನು ಆಸ್ಪತ್ರೆಯ ಲೆನ್ಸು. ಎಲ್ಲ ದಿಕ್ಕಿಗೂ −0.50. ಅದರ ಮೇಲೆ +1.50ರ ಲಟ್ಟಣಿಗೆಯನ್ನು ನೆಟ್ಟಗೆ ನಿಲ್ಲಿಸುತ್ತೇವೆ. ಮೇಲೆ-ಕೆಳಗಿನ ದಿಕ್ಕಿನಲ್ಲಿ ಅದಕ್ಕೆ ಪವರ್ ಇಲ್ಲ, −0.50 ಉಳಿಯಿತು. ಅಡ್ಡ ದಿಕ್ಕಿನಲ್ಲಿ −0.50ಕ್ಕೆ +1.50 ಸೇರಿ +1.00 ಆಯಿತು. ಕೊನೆಗೆ ಕೈಗೆ ಬರುವ ಲೆನ್ಸ್ ಅದೇ. ಹಾಸನದಿಂದ ಬೇಲೂರಿಗೆ ಎಷ್ಟು ದೂರವೋ ಬೇಲೂರಿನಿಂದ ಹಾಸನಕ್ಕೂ ಅಷ್ಟೇ, ಲೆಕ್ಕ ಯಾವ ತುದಿಯಿಂದ ಶುರುವಾಯಿತು ಎಂಬುದಷ್ಟೇ ವ್ಯತ್ಯಾಸ. ಕೆಲವರಿಗೆ ಮೈನಸ್ ಸಿಲಿಂಡರಿನಲ್ಲಿ ಬರೆಯುವುದು ರೂಢಿ, ಕೆಲವು ಡಾಕ್ಟರುಗಳಿಗೆ ಪ್ಲಸ್ ಸಿಲಿಂಡರಿನಲ್ಲಿ.

ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಕ್ರಮ ಮೂರು ಹೆಜ್ಜೆಯದು. ಸ್ಫಿಯರ್ ಮತ್ತು ಸಿಲಿಂಡರ್ ಎರಡನ್ನೂ ಚಿಹ್ನೆಯ ಸಮೇತ ಕೂಡಿಸಿದರೆ ಹೊಸ ಸ್ಫಿಯರ್. ಸಿಲಿಂಡರಿನ ಅಂಕಿ ಅದೇ, ಚಿಹ್ನೆ ಮಾತ್ರ ತಿರುಗಿಸಬೇಕು. ಆಕ್ಸಿಸ್ 90ಕ್ಕಿಂತ ಹೆಚ್ಚಿದ್ದರೆ 90 ಕಳೆಯಬೇಕು, 90 ಅಥವಾ ಕಡಿಮೆ ಇದ್ದರೆ 90 ಕೂಡಿಸಬೇಕು. ಎಡಗಣ್ಣಿಗೆ ಮಾಡಿ ನೋಡಿ. ಅಂಗಡಿಯವರದು +1.25 / −1.00 × 170. ಕೂಡಿಸಿದರೆ +0.25, ಚಿಹ್ನೆ ತಿರುಗಿಸಿದರೆ +1.00, 170ರಲ್ಲಿ 90 ಹೋದರೆ 80. ಆಸ್ಪತ್ರೆಯ ಚೀಟಿಯಲ್ಲಿರುವುದು ಅಕ್ಷರಶಃ ಅದೇ.

ಅಪಾಯ ಇರುವುದು ಅರ್ಧಂಬರ್ಧ ಬದಲಾಯಿಸಿದಾಗ. ಆರ್ಡರ್ ಮಾಡುವಾಗ ಎಲ್ಲರೂ ಮೈನಸ್ ಸಿಲಿಂಡರ್ ತಾನೇ ಬರೆಯುವುದು ಎಂದುಕೊಂಡು, ಅಕ್ಕನ ಬಲಗಣ್ಣಿಗೆ −0.50 / −1.50 × 90 ಎಂದು ಚಿಹ್ನೆಯೊಂದನ್ನೇ ತಿದ್ದಿ ಬರೆದಿದ್ದರೆ, ಅಡ್ಡ ದಿಕ್ಕಿನಲ್ಲಿ +1.00 ಇರಬೇಕಾದ ಕಡೆ −2.00 ಬರುತ್ತಿತ್ತು. ಮೂರು ಡಯಾಪ್ಟರ್ ತಪ್ಪು! ಆದ್ದರಿಂದ ಒಂದು ಚೀಟಿಯ ಮೂರೂ ಅಂಕಿಗಳನ್ನು ಒಂದೇ ಕುಟುಂಬದವರಂತೆ ಒಟ್ಟಿಗೆ ಕರೆದೊಯ್ಯಬೇಕು. ಒಂದನ್ನು ಈ ಚೀಟಿಯಿಂದ, ಇನ್ನೊಂದನ್ನು ಆ ಚೀಟಿಯಿಂದ ಆರಿಸಿಕೊಳ್ಳುವ ಹಾಗಿಲ್ಲ. ದೂರದ ಪವರಿನ ವಿಷಯದಲ್ಲಿ ನಾನು ಆಸ್ಪತ್ರೆಯ ಚೀಟಿಯನ್ನು ಇದ್ದ ಹಾಗೇ ಇಳಿಸಿದ್ದೆ, ಫಾರಂ ಕೂಡ ಪ್ಲಸ್ ಸಿಲಿಂಡರನ್ನು ಒಪ್ಪಿಕೊಂಡಿತ್ತು. ಅಕ್ಕನಿಗೆ ಟಿವಿ ಚೆನ್ನಾಗಿ ಕಂಡದ್ದು ಅದರಿಂದಲೇ.

ಚಾಳೀಸಿನ ಅಂಕಿ

ಎಡವಿದ್ದು ನಾಲ್ಕನೆಯ ಅಂಕಣದಲ್ಲಿ. ನಮ್ಮಲ್ಲಿ ಕನ್ನಡಕಕ್ಕೆ ಚಾಳೀಸು ಎಂಬ ಹೆಸರೂ ಇದೆಯಲ್ಲ, ಅದು ನಲವತ್ತು ಎಂಬ ಅರ್ಥದ ಮಾತು. ನಲವತ್ತರ ಆಸುಪಾಸಿನಲ್ಲಿ ಪೇಪರ್ ಹಿಡಿದ ಕೈ ದೂರ ದೂರ ಹೋಗತೊಡಗುತ್ತದೆ. ಕಣ್ಣೊಳಗಿನ ಲೆನ್ಸು ಚಿಕ್ಕಂದಿನಲ್ಲಿ ಮೆದುವಾಗಿದ್ದು, ಹತ್ತಿರದ್ದನ್ನು ನೋಡುವಾಗ ತಾನೇ ಉಬ್ಬಿ ಪವರ್ ಹೆಚ್ಚಿಸಿಕೊಳ್ಳುತ್ತದೆ. ವಯಸ್ಸಾದಂತೆ ಅದು ಗಟ್ಟಿಯಾಗುತ್ತದೆ, ಉಬ್ಬುವುದು ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ದೂರದ ಪವರಿನ ಮೇಲೆ ಹೆಚ್ಚುವರಿಯಾಗಿ ಸೇರಿಸುವ ಪ್ಲಸ್ ಪವರೇ ಅಡಿಷನ್, ಚೀಟಿಯಲ್ಲಿ ADD. ನಲವತ್ತರ ಹೊಸ್ತಿಲಲ್ಲಿ +1.00ರ ಸುತ್ತ ಶುರುವಾಗಿ ಐವತ್ತರ ಹೊತ್ತಿಗೆ +2.00ರ ಹತ್ತಿರ, ಅರವತ್ತು ದಾಟಿದ ಮೇಲೆ +2.50ರ ಆಸುಪಾಸಿನಲ್ಲಿ ನಿಲ್ಲುವುದು ಸಾಮಾನ್ಯ.

ಓದುವ ಪವರ್ ಬೇಕೆಂದರೆ ದೂರದ ಸ್ಫಿಯರಿಗೆ ಅಡಿಷನ್ ಕೂಡಿಸಬೇಕು. ಸಿಲಿಂಡರನ್ನೂ ಆಕ್ಸಿಸನ್ನೂ ಮುಟ್ಟುವ ಹಾಗಿಲ್ಲ. ನನ್ನದು ದೂರಕ್ಕೆ −2.00, ಅಡಿಷನ್ +1.75. ಕೂಡಿಸಿದರೆ −0.25, ಅಂದರೆ ಹೆಚ್ಚುಕಡಿಮೆ ಬರೀ ಗಾಜು. ಅದಕ್ಕೇ ನಾನು ಓದುವಾಗ ಕನ್ನಡಕ ತೆಗೆದು ಹಣೆಯ ಮೇಲೆ ಏರಿಸಿಕೊಳ್ಳುವುದು. ಅಕ್ಕನಿಗೆ ಆ ಭಾಗ್ಯವಿಲ್ಲ.

ಗೊಂದಲ ಇರುವುದು ಇದನ್ನು ಬರೆಯುವ ರೀತಿಯಲ್ಲಿ. ಕೆಲವು ಚೀಟಿಗಳಲ್ಲಿ ADD ಎಂದು ಬೇರೆಯಾಗಿ ಬರೆದಿರುತ್ತಾರೆ. ನಮ್ಮ ಕಡೆಯ ಎಷ್ಟೋ ಅಚ್ಚು ಚೀಟಿಗಳಲ್ಲಿ ಮಾತ್ರ 'ದೂರ', 'ಹತ್ತಿರ' ಎಂದು ಎರಡು ಸಾಲುಗಳಿರುತ್ತವೆ. ಆ 'ಹತ್ತಿರ'ದ ಸಾಲಿನಲ್ಲಿ ಒಬ್ಬರು ಬರೀ ಅಡಿಷನ್ ಬರೆಯುತ್ತಾರೆ, ಇನ್ನೊಬ್ಬರು ಅಡಿಷನ್ ಕೂಡಿಸಿದ ಒಟ್ಟು ಪವರ್ ಬರೆಯುತ್ತಾರೆ. ಬರೆದವರಿಗೆ ಗೊತ್ತು, ಅವರ ಜೊತೆ ದಿನಾ ಕೆಲಸ ಮಾಡುವ ಅಂಗಡಿಯವರಿಗೂ ಗೊತ್ತು. ಚೀಟಿ ಹೊರಗಿನವರ ಕೈಗೆ ಹೋದಾಗಲೇ ಎಡವಟ್ಟು. ಆಸ್ಪತ್ರೆಯ ಚೀಟಿಯಲ್ಲಿ ಇದ್ದದ್ದು ಒಟ್ಟು ಪವರ್. ನಾನು ಅದನ್ನು ಅಡಿಷನ್ ಎಂದು ತುಂಬಿದ್ದೆ.

ಒಂದು ಕಣ್ಣು ಮುಚ್ಚಿ ನೋಡಿದಾಗ

ಮುಂದಿನ ಭಾನುವಾರ ಹಾಸನಕ್ಕೆ ಹೋದವನು ಅಕ್ಕನನ್ನು ಕರೆದುಕೊಂಡು ಹಳೆಯ ಅಂಗಡಿಗೇ ಹೋದೆ. ಬೇರೆ ಕಡೆ ಕನ್ನಡಕ ಮಾಡಿಸಿಕೊಂಡು ಬಂದಿದ್ದೇವೆ ಎಂಬ ಸಂಕೋಚ ನಮಗೆ. ಯಜಮಾನರಿಗೆ ಅದೇನೂ ಇದ್ದಂತಿರಲಿಲ್ಲ. ಅಕ್ಕನ ಕೈಗೆ ಆ ದಿನದ ಪೇಪರ್ ಕೊಟ್ಟರು. "ಮೇಡಂ, ಎಡಗಣ್ಣು ಮುಚ್ಕೊಳ್ಳಿ. ಪೇಪರನ್ನ ಹಿಂದೆ ಮುಂದೆ ಮಾಡಿ, ಎಲ್ಲಿ ಚೆನ್ನಾಗಿ ಕಾಣುತ್ತೋ ಅಲ್ಲಿ ನಿಲ್ಲಿಸಿ."

ಅಕ್ಕನ ಕೈ ಮುಂದಕ್ಕೆ ಚಾಚಿ ನಿಂತಿತು.

"ಈಗ ಬಲಗಣ್ಣು ಮುಚ್ಚಿ."

ಪೇಪರ್ ಮುಖದ ಕಡೆಗೆ ಒಂದು ಗೇಣಿನಷ್ಟು ವಾಪಸ್ಸು ಬಂತು.

"ನೋಡಿ ಸಾರ್, ಎರಡು ಕಣ್ಣು ಎರಡು ಕಡೆ ಓದ್ತಿವೆ," ಎಂದು ಕನ್ನಡಕ ಇಸಿದುಕೊಂಡು ಲೆನ್ಸೋಮೀಟರ್ ಎಂಬ ಯಂತ್ರಕ್ಕೆ ಇಟ್ಟರು. ಯಾವ ಲೆನ್ಸಿನ ಯಾವ ಜಾಗದಲ್ಲಿ ಎಷ್ಟು ಪವರ್ ಇದೆ ಎಂದು ಓದುವ ಯಂತ್ರ ಅದು. ದೂರದ ಪವರ್ ಸರಿಯಾಗಿತ್ತು. ಅಡಿಷನ್ ಬಲಕ್ಕೆ 1.50, ಎಡಕ್ಕೆ 2.25. ನಾನು ತುಂಬಿದ್ದು ಹಾಗೇ ಬಂದಿತ್ತು.

ಭಾಗಾಕಾರ ಮಾಡಿ ನೋಡೋಣ. ಅಕ್ಕ ಪೇಪರ್ ಹಿಡಿಯುವುದು ನಲವತ್ತು ಸೆಂಟಿಮೀಟರಿನಲ್ಲಿ. ಅಷ್ಟು ಹತ್ತಿರ ಸ್ಪಷ್ಟವಾಗಿ ಕಾಣಲು 2.50 ಡಯಾಪ್ಟರ್ ಬೇಕು. ಅಡಿಷನ್ 2.00, ಉಳಿದ ಅರ್ಧ ಅವಳ ಕಣ್ಣಿನಲ್ಲಿ ಇನ್ನೂ ಉಳಿದಿರುವ ಸ್ವಂತ ಶಕ್ತಿ ಎಂದಿಟ್ಟುಕೊಳ್ಳಿ. ನಾನು ಮಾಡಿಸಿದ ಕನ್ನಡಕದಲ್ಲಿ ಬಲಗಣ್ಣಿಗೆ 1.50ರ ಜೊತೆ ಅರ್ಧ ಸೇರಿ 2.00, ಅಂದರೆ ಐವತ್ತು ಸೆಂಟಿಮೀಟರ್. ಎಡಗಣ್ಣಿಗೆ 2.25ರ ಜೊತೆ ಅರ್ಧ ಸೇರಿ 2.75, ಅಂದರೆ ಮೂವತ್ತಾರು ಸೆಂಟಿಮೀಟರ್. ಎರಡರ ನಡುವೆ ಹದಿನಾಲ್ಕು ಸೆಂಟಿಮೀಟರ್ ಅಂತರ. ಪೇಪರ್ ಎಲ್ಲಿ ಹಿಡಿದರೂ ಒಂದಲ್ಲ ಒಂದು ಕಣ್ಣಿಗೆ ಒಗ್ಗುವುದಿಲ್ಲ. ಅಕ್ಷರ ಎಳೆದಾಡಿದ್ದು, ತಲೆ ನೋಯುತ್ತಿದ್ದುದು ಅದಕ್ಕೆ.

ಕೇಳಲೇಬೇಕಾದ ಪ್ರಶ್ನೆ ಕೇಳಿದೆ: ಹಾಗಾದರೆ 'ಹತ್ತಿರ'ದ ಸಾಲಿನಲ್ಲಿರುವುದು ಅಡಿಷನ್ನೋ ಒಟ್ಟು ಪವರ್ರೋ ಎಂದು ನಮ್ಮಂಥವರು ತಿಳಿಯುವುದು ಹೇಗೆ? ಯಜಮಾನರು ಆಸ್ಪತ್ರೆಯ ಚೀಟಿಯ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದರು. ಚೀಟಿ ತಾನೇ ಹೇಳುತ್ತದಂತೆ.

ಅಡಿಷನ್ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಒಂದೇ ಇರುತ್ತದೆ, ಏಕೆಂದರೆ ಎರಡು ಕಣ್ಣಿಗೂ ವಯಸ್ಸು ಒಂದೇ. ಇಲ್ಲಿ ಒಂದು ಕಡೆ 1.50, ಇನ್ನೊಂದು ಕಡೆ 2.25. ಅನುಮಾನ ಶುರುವಾಗಬೇಕಾದದ್ದು ಇಲ್ಲೇ. ಆಮೇಲೆ ದೂರದ ಸಾಲು ನೋಡಬೇಕು. −0.50ಕ್ಕೂ +0.25ಕ್ಕೂ ಅಂತರ 0.75. ಹತ್ತಿರದ ಸಾಲಿನಲ್ಲೂ ಅಂತರ 0.75. ಎರಡೂ ಅಂತರ ತಾಳೆಯಾದವು ಎಂದರೆ ಎರಡೂ ಕಣ್ಣಿಗೆ ಒಂದೇ ಮೊತ್ತ ಕೂಡಿಸಿದ್ದಾರೆ ಎಂದರ್ಥ, ಇಲ್ಲಿರುವುದು ಒಟ್ಟು ಪವರ್. ಕೂಡಿಸಿದ ಆ ಮೊತ್ತ ಬೇಕೆಂದರೆ ಹತ್ತಿರದ್ದರಲ್ಲಿ ದೂರದ್ದನ್ನು ಕಳೆಯಿರಿ. +1.50ರಲ್ಲಿ −0.50 ಕಳೆದರೆ +2.00. +2.25ರಲ್ಲಿ +0.25 ಕಳೆದರೂ +2.00. ಅಂಗಡಿಯ ಚೀಟಿಯ ADD ಅಂಕಣದಲ್ಲಿ ಮೊದಲಿನಿಂದ ಇದ್ದದ್ದೂ ಅದೇ.

ಇನ್ನೊಂದೆರಡು ಗುರುತುಗಳಿವೆ. ಹತ್ತಿರದ ಸಾಲಿನಲ್ಲಿ ಸಿಲಿಂಡರ್ ಮತ್ತು ಆಕ್ಸಿಸ್ ಅನ್ನು ಮತ್ತೆ ಬರೆದಿದ್ದರೆ ಅದು ಬಹುಮಟ್ಟಿಗೆ ಪೂರ್ತಿ ಪವರಿನ ಸಾಲೇ, ಏಕೆಂದರೆ ಬರೀ ಅಡಿಷನ್ನಿಗೆ ಅವು ಬೇಡ. ಅಲ್ಲಿ ಮೈನಸ್ ಇದ್ದರೆ ಖಂಡಿತ ಅಡಿಷನ್ ಅಲ್ಲ, ಅಡಿಷನ್ ಎಂದೂ ಮೈನಸ್ ಆಗುವುದಿಲ್ಲ. ನನ್ನ ಚೀಟಿಯಲ್ಲಿ ಹತ್ತಿರಕ್ಕೆ −0.25 ಎಂದು ಬರೆದಿದ್ದರೆ ಯಾವ ಫಾರಂನ ADD ಅಂಕಣವೂ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ, ನಾನು ಆಗಲೇ ಎಚ್ಚರಗೊಳ್ಳುತ್ತಿದ್ದೆ. ಅಂಕಿ 3.50, 4.00 ಎಂದು ಮೇಲೇರಿದ್ದರೂ ಒಟ್ಟು ಪವರ್ ಎಂದೇ ಅನುಮಾನಿಸಬೇಕು. ಕೊನೆಗೆ ವಯಸ್ಸಿನ ತಕ್ಕಡಿಯಲ್ಲಿ ತೂಗಬೇಕು. ಐವತ್ತನಾಲ್ಕರವರ ಚೀಟಿಯಲ್ಲಿ ದೂರಕ್ಕೆ +1.50, ಹತ್ತಿರಕ್ಕೆ +2.00 ಎಂದಿದೆ ಎನ್ನಿ. ಅದು ಒಟ್ಟು ಪವರ್ ಆಗಿದ್ದರೆ ಅಡಿಷನ್ ಬರೀ 0.50 ಆಗಬೇಕಾಗುತ್ತದೆ. ಆ ವಯಸ್ಸಿಗೆ ಅಷ್ಟು ಸಾಲದು, ಆದ್ದರಿಂದ ಅಲ್ಲಿರುವುದು ಅಡಿಷನ್ನೇ. ಇಷ್ಟೆಲ್ಲ ಮಾಡಿಯೂ ಎರಡರ್ಥ ಬರುತ್ತಿದ್ದರೆ ಬರೆದವರಿಗೆ ಫೋನ್ ಮಾಡಿ ಕೇಳುವುದು ಒಂದೇ ದಾರಿ.

ಚೀಟಿಯಲ್ಲಿ ಇಲ್ಲದ್ದು

ನಾಲ್ಕು ಅಂಕಣ ಸರಿಯಾಗಿ ಓದಿದರೂ ಲೆನ್ಸ್ ಕೂರಿಸಲು ಇನ್ನೊಂದು ಅಳತೆ ಬೇಕು, ಅದು ಎಷ್ಟೋ ಚೀಟಿಗಳಲ್ಲಿ ಇರುವುದೇ ಇಲ್ಲ. ಎರಡು ಪಾಪೆಗಳ ನಡುವಿನ ದೂರ, ಫಾರಂಗಳಲ್ಲಿ PD. ದೊಡ್ಡವರಲ್ಲಿ ಅದು ಅರವತ್ತು ಮಿಲಿಮೀಟರಿನ ಆಚೀಚೆ ಇರುತ್ತದೆ. ಲೆನ್ಸಿನ ನಡುಬಿಂದು ಪಾಪೆಯ ಎದುರಿಗೆ ಬರುವಂತೆ ಕೂರಿಸಲು ಇದು ಬೇಕು. ಪ್ರೋಗ್ರೆಸಿವ್ ಆದರೆ ಫ್ರೇಮಿನಲ್ಲಿ ಪಾಪೆ ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದೂ ಬೇಕು, ಅದನ್ನು ಫ್ರೇಮ್ ಮುಖಕ್ಕೆ ಹಾಕಿಸಿಯೇ ಗುರುತು ಮಾಡಬೇಕು. ಇದನ್ನು ಬೇರೆಯವರ ಕೈಯಲ್ಲಿ ಅಳೆಸಿಕೊಳ್ಳುವುದು ಒಳ್ಳೆಯದು, ಕನ್ನಡಿಯ ಮುಂದೆ ಸ್ಕೇಲ್ ಹಿಡಿದು ಸ್ವಂತ ಅಳೆದರೆ ತಪ್ಪುವುದು ಸುಲಭ. ಇನ್ನೊಂದು ಮಾತು: ಕನ್ನಡಕದ ಚೀಟಿ ಕಾಂಟ್ಯಾಕ್ಟ್ ಲೆನ್ಸಿಗೆ ನಡೆಯುವುದಿಲ್ಲ. ಅದು ಕಣ್ಣಿಗೇ ಅಂಟಿಕೊಂಡಿರುವುದರಿಂದ ಅದರ ಪರೀಕ್ಷೆಯೇ ಬೇರೆ.

ಹೊಸ ಕನ್ನಡಕ ಬಂದ ಮೇಲೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನೂ ಯಜಮಾನರು ಹೇಳಿಕೊಟ್ಟರು. ಕನ್ನಡಕವನ್ನು ಕೈ ಚಾಚಿ ಹಿಡಿದು, ಒಂದೇ ಲೆನ್ಸಿನ ಮೂಲಕ ದೂರದ ಕಿಟಕಿಯ ಸರಳನ್ನು ನೋಡುತ್ತಾ, ಕನ್ನಡಕವನ್ನು ಮೆಲ್ಲಗೆ ಅಲುಗಾಡಿಸಬೇಕು. ಪ್ರೋಗ್ರೆಸಿವ್ ಆದರೆ ಮೇಲಿನ ಭಾಗದಿಂದ ನೋಡಬೇಕು. ಮೈನಸ್ ಇದ್ದರೆ ಒಳಗೆ ಕಾಣುವ ಸರಳು ಕೈ ಹೋದ ಕಡೆಗೇ ಹೋಗುತ್ತದೆ, ಪ್ಲಸ್ ಇದ್ದರೆ ಎದುರು ದಿಕ್ಕಿಗೆ ಹೋಗುತ್ತದೆ. ಗಡಿಯಾರದ ಮುಳ್ಳಿನಂತೆ ತಿರುಗಿಸಿದಾಗ ಒಳಗಿನ ಸರಳು ಹೊರಗಿನದರಿಂದ ಮುರಿದು ಓರೆಯಾದರೆ ಅಲ್ಲಿ ಸಿಲಿಂಡರ್ ಇದೆ. ಇದರಿಂದ ಅಂಕಿ ಗೊತ್ತಾಗದು, ಚಿಹ್ನೆ ಗೊತ್ತಾಗುತ್ತದೆ. ಪವರ್ ಕಡಿಮೆ ಇದ್ದರೆ ಚಲನೆಯೂ ಕಡಿಮೆ, ಸ್ವಲ್ಪ ತಾಳ್ಮೆ ಬೇಕು.

ಅಡಿಷನ್ ಎರಡಕ್ಕೂ +2.00 ಎಂದು ತಿದ್ದಿ ಮತ್ತೆ ಲೆನ್ಸ್ ಮಾಡಿಸಿದೆವು, ದುಡ್ಡು ನನ್ನದೇ. ಕನ್ನಡಕ ಬಂದ ದಿನ ಅಕ್ಕ ಅದನ್ನು ಹಾಕಿಕೊಳ್ಳುವ ಮೊದಲು ಕೈ ಚಾಚಿ ಹಿಡಿದು, ಬಲಗಡೆಯ ಲೆನ್ಸಿನಿಂದ ಕಿಟಕಿಯನ್ನು ನೋಡಿದಳಂತೆ. ಎಡಕ್ಕೆ ಬಲಕ್ಕೆ ಆಡಿಸಿದರೆ ಸರಳು ಎದುರು ದಿಕ್ಕಿಗೆ ಹೋಯಿತು. ಮೇಲೆ ಕೆಳಗೆ ಆಡಿಸಿದರೆ ಅಡ್ಡಪಟ್ಟಿ ಜೊತೆಗೇ ಬಂತು.

"ಒಂದೇ ಗಾಜಿನಲ್ಲಿ ಪ್ಲಸ್ಸೂ ಇದೆ, ಮೈನಸ್ಸೂ ಇದೆ ಕಣೋ," ಎಂದಳು ಫೋನಿನಲ್ಲಿ. "ಅವರಿಬ್ಬರೂ ಸುಳ್ಳು ಹೇಳಿರಲಿಲ್ಲ."